ಕಣ್ಣು ಹೊರಳದ ಹಕ್ಕಿಯ ಕತ್ತು

ಪ್ರಶ್ನೆ: ನಮ್ಮ ಮನೆಯೆದುರಿನ ಹುಣಸೆಮರದ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿಗಳಿವೆ. ಬೆನ್ನು ನಮ್ಮ ಕಡೆಗಿದ್ದರೂ ಮುಖ ಮಾತ್ರ ನಮ್ಮನ್ನೇ ನೋಡುತ್ತಿರುತ್ತದೆ. ಗೂಬೆ ತಲೆಯನ್ನು ಪೂರ್ತಿ ಒಂದು ಸುತ್ತು ತಿರುಗಿಸುತ್ತದೆ ಎನ್ನುತ್ತಾರೆ, ನಿಜವೇ? ಅಷ್ಟು ತಿರುಚಿದರೂ ರಕ್ತನಾಳ ಹಿಸುಕಿಕೊಳ್ಳುವುದಿಲ್ಲವೇ? ಇದರಿಂದ ಅದಕ್ಕೆ ಸಿಗುವುದೇನು? ಕಳೆದ ತಿಂಗಳು ರಸ್ತೆಬದಿಯಲ್ಲಿ ಸಿಕ್ಕ ಕಣಜ ಗೂಬೆಯೊಂದು ತಲೆಯನ್ನು ಒಂದೇ ಕಡೆಗೆ ಓರೆ ಮಾಡಿಕೊಂಡಿತ್ತು. ಅದೂ ಇದೇ ಅಭ್ಯಾಸವೇ?

ಉತ್ತರ: ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ಯಾವ ಗೂಬೆಯೂ ತಿರುಗಿಸುವುದಿಲ್ಲ. ಅದರ ಮಿತಿ ಒಂದು ದಿಕ್ಕಿಗೆ ಸುಮಾರು 270 ಡಿಗ್ರಿ. ಈ ಸಂಖ್ಯೆ ಏನು ಹೇಳುತ್ತದೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಮುಖ ನೇರ ಮುಂದಕ್ಕಿರುವಾಗ ಅದನ್ನು ಸೊನ್ನೆ ಎಂದುಕೊಳ್ಳೋಣ. ಹಕ್ಕಿ ಬಲಕ್ಕೆ ತಿರುಗಲು ಆರಂಭಿಸಿದರೆ ಬಲ ಭುಜದ ಮೇಲೆ 90, ಬೆನ್ನಿನ ನಡುವೆ 180, ಬೆನ್ನನ್ನೂ ದಾಟಿ ಎಡ ಭುಜದ ಮೇಲೆ ಬಂದಾಗ 270. ಎಡಕ್ಕೆ ತಿರುಗಿದರೂ ಲೆಕ್ಕ ಇಷ್ಟೇ. ನಾವು ಎಷ್ಟೇ ಪ್ರಯತ್ನಪಟ್ಟರೂ ಗಲ್ಲ ಭುಜದ ಹತ್ತಿರ ಬಂದಾಗ, ಅಂದರೆ 80ರಿಂದ 90 ಡಿಗ್ರಿಯಲ್ಲಿ, ನಮ್ಮ ಕತ್ತು ನಿಂತುಬಿಡುತ್ತದೆ. ಪೂರ್ತಿ ಸುತ್ತು ತಿರುಗಿತೆಂಬ ಭ್ರಮೆ ಹುಟ್ಟುವುದು ಮಿತಿಗೆ ಬಂದ ಮೇಲಿನ ಅದರ ನಡೆಯಿಂದ. ನೀವು ಮರದ ಸುತ್ತ ನಡೆಯುತ್ತ ಹೋದರೆ ಹಕ್ಕಿ ನಿಮ್ಮನ್ನು ನಿಧಾನವಾಗಿ ಹಿಂಬಾಲಿಸಿ ನೋಡುತ್ತದೆ, ಇನ್ನು ತಿರುಗಲಾಗದು ಎಂಬಲ್ಲಿ ತಲೆಯನ್ನು ಥಟ್ಟನೆ ಎದುರು ದಿಕ್ಕಿನಿಂದ ಬಳಸಿ ತಂದು ಮತ್ತೆ ನಿಮ್ಮ ಮೇಲೇ ನಿಲ್ಲಿಸುತ್ತದೆ. ಮುಸ್ಸಂಜೆಯ ಮಬ್ಬಿನಲ್ಲಿ ಆ ಕ್ಷಣ ಕಣ್ಣಿಗೆ ತಪ್ಪಿಹೋದರೆ ತಲೆ ಒಂದೇ ದಿಕ್ಕಿನಲ್ಲಿ ಸುತ್ತುತ್ತಲೇ ಇದೆ ಎನಿಸುವುದು ಸಹಜ.

ಇಷ್ಟೊಂದು ತಿರುಗುವ ಅಗತ್ಯ ಏಕೆ ಬಂತು ಎಂಬುದರ ಉತ್ತರ ಕತ್ತಿನಲ್ಲಿಲ್ಲ, ಕಣ್ಣಿನಲ್ಲಿದೆ. ಈ ಸಾಲುಗಳನ್ನು ಓದುವಾಗ ನಿಮ್ಮ ತಲೆ ಅಲುಗಾಡುತ್ತಿಲ್ಲ. ಗುಡ್ಡೆಗಳು ಮಾತ್ರ ಎಡದಿಂದ ಬಲಕ್ಕೆ ಸರಿಯುತ್ತಿವೆ, ಏಕೆಂದರೆ ನಮ್ಮ ಕಣ್ಣು ಗೋಲಿಯಂತೆ ದುಂಡಗಿದ್ದು ಕುಳಿಯೊಳಗೆ ಆರು ಸ್ನಾಯುಗಳ ಎಳೆತಕ್ಕೆ ಸಲೀಸಾಗಿ ಹೊರಳುತ್ತದೆ. ಗೂಬೆಯ ಕಣ್ಣು ದುಂಡಗಿಲ್ಲ. ಅದು ಉದ್ದನೆಯ ಕೊಳವೆಯಂತಿದೆ. ಮುಂದೆ ಅಗಲವಾದ ಕಾರ್ನಿಯಾ ಮತ್ತು ದೊಡ್ಡ ಮಸೂರ, ನಡುವೆ ಸೊಂಟದಂತೆ ಕಿರಿದಾದ ಭಾಗ, ಹಿಂದೆ ಅಕ್ಷಿಪಟಲ. ಆ ಸೊಂಟದ ಸುತ್ತ ಸಣ್ಣ ಮೂಳೆಚಕ್ಕೆಗಳು ಒಂದರ ಮೇಲೊಂದು ಹೆಂಚಿನಂತೆ ಕೂತು ಗಟ್ಟಿಯಾದ ಬಳೆಯಾಗಿವೆ. ಹಕ್ಕಿಗಳ ಕಣ್ಣಿನಲ್ಲಿ ಈ ಬಳೆ ಸಾಮಾನ್ಯವೇ ಆದರೂ ಗೂಬೆಯಲ್ಲಿ ಅದು ಕೊಳವೆಯ ಗೋಡೆಯಷ್ಟು ಎತ್ತರಕ್ಕೆ ಬೆಳೆದಿದೆ.

ಕಣ್ಣು ಹೀಗೆ ರೂಪುಗೊಂಡಿರುವುದಕ್ಕೆ ಬೆಳಕೇ ಕಾರಣ. ಮಂದ ಬೆಳಕಿನಲ್ಲಿ ನೋಡಬೇಕಾದರೆ ಕಣ್ಣಿನ ಬಾಯಿ ದೊಡ್ಡದಿರಬೇಕು, ಬಿಂಬ ಸ್ಪಷ್ಟವಾಗಿ ದೊಡ್ಡದಾಗಿ ಮೂಡಬೇಕಾದರೆ ಮಸೂರಕ್ಕೂ ಅಕ್ಷಿಪಟಲಕ್ಕೂ ನಡುವೆ ಸಾಕಷ್ಟು ದೂರವಿರಬೇಕು. ಯುರೋಪಿನ ಕಾಡುಗಳಲ್ಲಿ ಸಾಮಾನ್ಯವಾಗಿರುವ ಟಾನಿ ಗೂಬೆ ಸುಮಾರು ಅರ್ಧ ಕಿಲೋ ತೂಗುವ ಹಕ್ಕಿ. ಅದರ ಕಣ್ಣಿನ ಉದ್ದ 28 ಮಿಲಿಮೀಟರಿನಷ್ಟಿದ್ದರೆ ನಮ್ಮದು 24. ಮನುಷ್ಯನ ಕಣ್ಣಿಗಿಂತ ಉದ್ದವಾದ ಕಣ್ಣನ್ನು ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ತಲೆಬುರುಡೆಯಲ್ಲಿ ಕೂರಿಸಬೇಕು. ಅದೇ ಉದ್ದದ ದುಂಡು ಕಣ್ಣುಗಳೆರಡಕ್ಕೆ ಅಲ್ಲಿ ಜಾಗವಿಲ್ಲ. ದುಂಡಿನ ಪಕ್ಕೆಗಳನ್ನು ಬಿಟ್ಟು, ಬೆಳಕು ಹಾದುಹೋಗುವ ನಡುಭಾಗವನ್ನಷ್ಟೇ ಉಳಿಸಿಕೊಂಡಂತೆ ಈ ಕೊಳವೆ ಇದೆ. ಇದಕ್ಕೆ ಗೂಬೆ ತೆತ್ತ ಬೆಲೆ ಎಂದರೆ ಹೊರಳುವಿಕೆ. ಅಮೆರಿಕದ ದೊಡ್ಡ ಕೊಂಬಿನ ಗೂಬೆಯ ಕಣ್ಣಿನ ಚಲನೆಯನ್ನು ಅಳೆದಾಗ ಅದು ಹೆಚ್ಚೆಂದರೆ ಒಂದೂವರೆ ಡಿಗ್ರಿಯಷ್ಟು ಮಾತ್ರ ಕಂಡುಬಂತು, ಅಂದರೆ ಬಳಕೆಯ ದೃಷ್ಟಿಯಿಂದ ಇಲ್ಲವೆಂದೇ ಹೇಳಬೇಕು. ನಾವು ಓರೆಗಣ್ಣಿನಿಂದ ನೋಡಿ ಮುಗಿಸುವುದನ್ನು ಗೂಬೆ ಇಡೀ ತಲೆಯನ್ನು ತಿರುಗಿಸಿಯೇ ನೋಡಬೇಕು.

ಎರಡನೆಯ ಕೊರತೆ ಕಣ್ಣುಗಳು ಇರುವ ಜಾಗದ್ದು. ಪಾರಿವಾಳದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ, ಆದ್ದರಿಂದ ತಲೆಯ ಹಿಂದಿನ ಒಂದು ಕಿರಿದಾದ ಪಟ್ಟಿಯನ್ನು ಬಿಟ್ಟರೆ ಸುತ್ತಮುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಗೂಬೆಯ ಕಣ್ಣುಗಳೆರಡೂ ಮುಂದಕ್ಕೆ ನೆಟ್ಟಿವೆ. ಬ್ರಿಟನ್ನಿನ ಗ್ರಹಾಂ ಮಾರ್ಟಿನ್ 1984ರಲ್ಲಿ ಟಾನಿ ಗೂಬೆಯ ನೋಟದ ಹರವನ್ನು ಅಳೆದು ಪ್ರಕಟಿಸಿದರು. ಎರಡೂ ಕಣ್ಣು ಸೇರಿ ಒಟ್ಟು ಸುಮಾರು 200 ಡಿಗ್ರಿ, ಅದರಲ್ಲಿ ಎರಡು ಕಣ್ಣಿಗೂ ಒಟ್ಟಿಗೆ ಕಾಣುವ ಭಾಗ 50 ಡಿಗ್ರಿಗೂ ಕಡಿಮೆ. ಉಳಿದ 160 ಡಿಗ್ರಿ ತಲೆಯ ಹಿಂದೆ ಪೂರ್ತಿ ಕುರುಡು. ಕುರುಡಾಗಿರುವ ಆ ಹಿಂಭಾಗಕ್ಕೆ ಕಣ್ಣು ಕೊಡುವ ಕೆಲಸ ಕತ್ತಿನ ಪಾಲಿಗೆ ಬಂದಿದೆ.

ಕತ್ತು ಮಾಡುವ ಇನ್ನೊಂದು ಕೆಲಸ ಹೊರನೋಟಕ್ಕೆ ಅಷ್ಟಾಗಿ ಕಾಣುವುದಿಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ತಿರುಗುವಷ್ಟೇ ಮುಖ್ಯವಾದದ್ದು. ಓಡುವ ಬಸ್ಸಿನಲ್ಲಿ ಕೂತು ಹೊರಗಿನ ಒಂದು ಮರವನ್ನು ನಾವು ನೆಟ್ಟು ನೋಡಬಲ್ಲೆವು, ಏಕೆಂದರೆ ಮೈ ಕುಲುಕಿದಷ್ಟೂ ಗುಡ್ಡೆಗಳು ಎದುರು ದಿಕ್ಕಿಗೆ ಸರಿದು ಬಿಂಬ ಅಲುಗದಂತೆ ಹಿಡಿಯುತ್ತವೆ. ಗುಡ್ಡೆ ಸರಿಯದ ಗೂಬೆಯಲ್ಲಿ ಈ ಕೆಲಸವನ್ನೂ ಕತ್ತೇ ಮಾಡುತ್ತದೆ. ಕೂತ ರೆಂಬೆ ಗಾಳಿಗೆ ತೂಗಿದಾಗ ಅದರ ಮೈ ರೆಂಬೆಯೊಂದಿಗೆ ತೂಗುತ್ತದೆ, ತಲೆ ಮಾತ್ರ ಗೂಟಕ್ಕೆ ಕಟ್ಟಿದಂತೆ ಒಂದೇ ಕಡೆ ನಿಂತಿರುತ್ತದೆ. ಚಿಕಿತ್ಸೆಗೆಂದು ಗೂಬೆಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಮೈಯನ್ನು ಮೆಲ್ಲನೆ ಅತ್ತಿತ್ತ ಸರಿಸಿದಾಗ ಕೈಯಲ್ಲಿ ಮೈ ತಿರುಗುತ್ತಿದ್ದರೂ ಮುಖ ಗೋಡೆಯ ಅದೇ ಬಿಂದುವಿನ ಮೇಲೆ ನಿಂತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ, ಪ್ರತಿ ಸಲವೂ ಬೆರಗಾಗಿದ್ದೇನೆ.

ಇನ್ನು ಮೂಳೆಗಳಿಗೆ ಬರೋಣ. ಗೂಬೆಗೆ ಕತ್ತೇ ಇಲ್ಲವೇನೋ ಎಂದು ಅದನ್ನು ನೋಡಿದವರಿಗೆ ಅನಿಸುತ್ತದೆ, ಆದರೆ ಅದು ಗರಿಗಳ ಮೋಸ. ಗರಿಯೊಳಗೆ ಇಂಗ್ಲಿಷಿನ ಎಸ್ ಅಕ್ಷರದಂತೆ ಮಡಿಚಿಕೊಂಡ, ಸಾಕಷ್ಟು ಉದ್ದವಾದ ಕತ್ತಿದೆ. ಅದರಲ್ಲಿ 14 ಕಶೇರು ಮೂಳೆಗಳಿವೆ. ನಮ್ಮ ಕತ್ತಿನಲ್ಲಿರುವುದು 7. ಜಿರಾಫೆಗೂ 7ಏ. ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ನಡೆಯುತ್ತದೆ. ನಮಗಿಂತ ಎರಡು ಪಟ್ಟು ಮೂಳೆಗಳಿರುವುದರಿಂದಲೇ ಗೂಬೆ ಅಷ್ಟು ತಿರುಗುತ್ತದೆ ಎಂದು ಹೇಳಿ ಮುಗಿಸಿಬಿಡುತ್ತಾರೆ. ಹಕ್ಕಿಗಳ ಲೋಕದಲ್ಲಿ 14 ಹೆಚ್ಚೇನಲ್ಲ. ಹಂಸಗಳಿಗೆ 20ಕ್ಕೂ ಹೆಚ್ಚು ಇವೆ. ಕೋಳಿ, ಬಾತುಗಳು ಮಲಗುವಾಗ ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸುವುದನ್ನು ನೋಡಿದ್ದೀರಲ್ಲ, ಹಿಂದಕ್ಕೆ ತಿರುಗುವ ಶಕ್ತಿ ಹಕ್ಕಿಗಳಿಗೆಲ್ಲ ಒಂದಷ್ಟು ಇದ್ದೇ ಇದೆ. ತಲೆಬುರುಡೆ ಕತ್ತಿನ ಮೇಲೆ ಕೂರುವ ರೀತಿಯೂ ಇದಕ್ಕೆ ನೆರವಾಗುತ್ತದೆ. ನಮ್ಮ ಬುರುಡೆಯ ಬುಡದಲ್ಲಿ ಎರಡು ಗುಬುಟುಗಳಿದ್ದು ಅವು ಮೊದಲ ಮೂಳೆಯ ಎರಡು ತಗ್ಗುಗಳಲ್ಲಿ ಕೂರುತ್ತವೆ. ಹಕ್ಕಿಗಳಲ್ಲಿ ನಟ್ಟನಡುವೆ ಒಂದೇ ಗುಬುಟು ಇದೆ, ಅದರಿಂದಾಗಿ ತಲೆ ಒಂದೇ ಮೊಳೆಯ ಮೇಲೆ ಕೂತಂತೆ ಎಲ್ಲ ದಿಕ್ಕಿಗೂ ಬಾಗಬಲ್ಲದು.

ಇವೆಲ್ಲ ಬೇರೆ ಹಕ್ಕಿಗಳಿಗೂ ಇರುವಾಗ ಗೂಬೆಯ ವಿಶೇಷ ಎಲ್ಲಿದೆ? ಇದನ್ನು ಕಣಜ ಗೂಬೆಯ ಅಮೆರಿಕದ ಬಂಧುವಿನಲ್ಲಿ ಜರ್ಮನಿಯ ಸಂಶೋಧಕರು ಹುಡುಕಿದರು. ಜೀವಂತ ಗೂಬೆಗಳ ಕತ್ತು ಗರಿಯೊಳಗೆ ಹೇಗೆ ಇರುತ್ತದೆ ಎಂಬುದನ್ನು ಎಕ್ಸ್-ರೇಯಲ್ಲಿ ನೋಡಿದರು, ಸತ್ತ ಹಕ್ಕಿಗಳ ಕತ್ತನ್ನು ತಿರುಗಿಸಿ ಪ್ರತಿಯೊಂದು ಕೀಲಿನ ಪಾಲನ್ನು ಸಿ.ಟಿ. ಸ್ಕ್ಯಾನಿನಿಂದ ಲೆಕ್ಕಹಾಕಿದರು, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಕತ್ತು ಒಂದೇ ಸಮನೆ ಹಗ್ಗ ಹೊಸೆದಂತೆ ತಿರುಚಿಕೊಳ್ಳುವುದಿಲ್ಲ ಎಂಬುದು ಅವರಿಗೆ ಕಂಡ ಮುಖ್ಯ ಸಂಗತಿ. ತಲೆಗೆ ಹತ್ತಿರವಾದ ಮೇಲಿನ ಭಾಗದ ಕೀಲುಗಳು ಎರಡು ಬಗೆಯಲ್ಲೂ ಚೆನ್ನಾಗಿ ಚಲಿಸುತ್ತವೆ. ಮೊದಲನೆಯದು ನಾವು ‘ಬೇಡ’ ಎಂದು ತಲೆಯಾಡಿಸುವಾಗಿನಂಥ ಪಕ್ಕದ ತಿರುವು, ಎರಡನೆಯದು ಕತ್ತಿನ ಉದ್ದವನ್ನೇ ಅಚ್ಚಾಗಿಟ್ಟುಕೊಂಡ ಉರುಳು. ಮೈಗೆ ಹತ್ತಿರವಾದ, ಹೆಚ್ಚು ಅಡ್ಡವಾಗಿ ಮಲಗಿರುವ ಕೆಳಭಾಗದ ಕೀಲುಗಳು ಬಹುಮಟ್ಟಿಗೆ ಉರುಳಬಲ್ಲವಷ್ಟೇ. ಕೆಳಭಾಗ ಅಡ್ಡವಾಗಿರುವುದರಿಂದ ಅಲ್ಲಿನ ಉರುಳು ಮೇಲಿನ ಕತ್ತನ್ನೆಲ್ಲ ಪಕ್ಕಕ್ಕೆ ವಾಲಿಸುತ್ತದೆ, ಮೇಲಿನ ಭಾಗ ಅದರ ಮೇಲೆ ತನ್ನ ತಿರುವನ್ನು ಸೇರಿಸುತ್ತದೆ. ಹೀಗೆ ಕೆಲಸ ಹಂಚಿಹೋಗಿರುವುದರಿಂದ ಯಾವ ಒಂದು ಕೀಲಿನ ಮೇಲೂ ಮಿತಿಮೀರಿದ ಭಾರ ಬೀಳುವುದಿಲ್ಲ. 270 ಡಿಗ್ರಿಯನ್ನು 14 ಕಡೆಗೆ ಹಂಚಿದರೆ ಪಾಲಿಗೆ ಬರುವುದು ಸರಾಸರಿ 20 ಡಿಗ್ರಿಗೂ ಕಡಿಮೆ. ಪೂರ್ತಿ ತಿರುಗಿದ ಗೂಬೆಯನ್ನು ಮುಂದಿನಿಂದ ಗಮನಿಸಿದರೆ ತಲೆ ಮೈಯ ನಡುಗೆರೆಯ ಮೇಲಿರದೆ ಸ್ವಲ್ಪ ಒಂದು ಪಕ್ಕಕ್ಕೆ ಜರುಗಿರುವುದು ಕಾಣುತ್ತದೆ. ಕೆಳಭಾಗದ ಆ ಉರುಳಿನ ಗುರುತು ಅದು.

ರಕ್ತದ ಬಗ್ಗೆ ನೀವು ಕೇಳಿದ್ದು ವೈದ್ಯರನ್ನೂ ಬಹಳ ಕಾಲ ಕಾಡಿದ ಪ್ರಶ್ನೆ. ನಮ್ಮ ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ಅಪಧಮನಿಗಳಲ್ಲಿ ಎರಡು ಕತ್ತಿನ ಮುಂಭಾಗದಲ್ಲಿ ಹೋದರೆ ಉಳಿದೆರಡು ಕಶೇರು ಮೂಳೆಗಳ ಪಕ್ಕದ ರಂಧ್ರಗಳ ಮೂಲಕ, ಮಣಿಗಳೊಳಗೆ ದಾರ ಪೋಣಿಸಿದಂತೆ, ಮೇಲೇರುತ್ತವೆ. ರಂಧ್ರದೊಳಗೆ ಅಪಧಮನಿಗೆ ಹೆಚ್ಚಿನ ಜಾಗವಿಲ್ಲ. ಆದ್ದರಿಂದ ವಾಹನ ಅಪಘಾತದಲ್ಲಿ ಕತ್ತು ಹಠಾತ್ತನೆ ಎಗರಿದಾಗ, ಅಥವಾ ಯಾರೋ ಲಟಿಕೆ ತೆಗೆಯುತ್ತೇನೆಂದು ಕತ್ತನ್ನು ಜೋರಾಗಿ ತಿರುಚಿದಾಗ, ಅಪಧಮನಿಯ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಪಾರ್ಶ್ವವಾಯು ಆಗುವ ಅಪಾಯವಿದೆ. ಕ್ಷೌರದಂಗಡಿಗಳಲ್ಲಿ ಕತ್ತನ್ನು ಲಟಕ್ಕೆನ್ನಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇರುವುದರಿಂದ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ದಯವಿಟ್ಟು ಹಾಗೆ ಮಾಡಿಸಿಕೊಳ್ಳಬೇಡಿ.

ನಮ್ಮ ಮೂರು ಪಟ್ಟು ತಿರುಗುವ ಗೂಬೆಗೆ ಹೀಗೇಕೆ ಆಗುವುದಿಲ್ಲ ಎಂಬುದನ್ನು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ವೈದ್ಯಕೀಯ ಚಿತ್ರಕಾರ ಫೇಬಿಯನ್ ಡಿ ಕಾಕ್-ಮರ್ಕಾಡೊ ಮತ್ತು ರಕ್ತನಾಳಗಳ ವಿಕಿರಣ ತಜ್ಞ ಫಿಲಿಪ್ ಗೈಯೂ ಅವರ ತಂಡ ಪರೀಕ್ಷಿಸಿತು. ಸಹಜವಾಗಿ ಸತ್ತ ಹಿಮ ಗೂಬೆ, ಪಟ್ಟೆ ಗೂಬೆ ಮತ್ತು ದೊಡ್ಡ ಕೊಂಬಿನ ಗೂಬೆಗಳ ಅಪಧಮನಿಗಳಿಗೆ ಎಕ್ಸ್-ರೇಯಲ್ಲಿ ಕಾಣುವ ಬಣ್ಣವನ್ನು ತುಂಬಿಸಿ, ತಲೆಯನ್ನು ಕೈಯಿಂದ ತಿರುಗಿಸುತ್ತ, ಬಣ್ಣ ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವರು ನೋಡಿದರು. ಈ ಕೆಲಸದ ಚಿತ್ರಫಲಕ 2013ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಅವರು ಕಂಡ ಮೊದಲ ಸಂಗತಿ ರಂಧ್ರಗಳ ಅಳತೆ. ಗೂಬೆಯ ಕಶೇರು ಮೂಳೆಗಳಲ್ಲಿ ಅಪಧಮನಿ ಹಾಯುವ ರಂಧ್ರದ ಅಗಲ ಅಪಧಮನಿಯ ಅಗಲಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ದಾರಕ್ಕೆ ತಕ್ಕ ಮಣಿಯಲ್ಲ ಅದು, ದಾರವನ್ನು ಬಳೆಯೊಳಗೆ ಹಾಯಿಸಿದಂತೆ. ಮೂಳೆ ತಿರುಗಿದರೂ ನಾಳಕ್ಕೆ ಅತ್ತಿತ್ತ ಸರಿದುಕೊಳ್ಳಲು ಜಾಗವಿದೆ. ಎರಡನೆಯದು, ನಾಳ ಮೂಳೆಯ ದಾರಿಯನ್ನು ಸೇರುವ ಜಾಗ. ತಲೆಯಿಂದ ಕೆಳಕ್ಕೆ ಎಣಿಸಿದರೆ ಗೂಬೆಯಲ್ಲಿ ಅದು 12ನೆಯ ಮೂಳೆಯಲ್ಲಿ ಒಳಹೊಗುತ್ತದೆ. ಬೇರೆ ಹಕ್ಕಿಗಳಲ್ಲಿ ಅದು ಇನ್ನೂ ಕೆಳಗಿನ 14ನೆಯದರಲ್ಲಿ. ಕೆಳಗಿನ ಎರಡು ಮೂಳೆಗಳ ಬಳಿ ನಾಳ ಬಿಡುವಾಗಿ ಹೊರಗೇ ಇರುವುದರಿಂದ, ಬಾವಿಯ ಹಗ್ಗಕ್ಕೆ ಬುಡದಲ್ಲಿ ಸಡಿಲ ಬಿಟ್ಟಂತೆ, ಕತ್ತು ತಿರುಗಿದಾಗ ಎಳೆದುಕೊಳ್ಳಲು ಅಲ್ಲಿ ಒಂದಷ್ಟು ಉದ್ದ ಉಳಿದಿರುತ್ತದೆ.

ಮೂರನೆಯದು ಆ ತಂಡವನ್ನೇ ಹೆಚ್ಚು ಅಚ್ಚರಿಗೊಳಿಸಿದ್ದು. ನಮ್ಮ ಅಪಧಮನಿಗಳು ಮರದ ಕೊಂಬೆಯಂತೆ, ಮೇಲೆ ಹೋದಷ್ಟೂ ಕವಲೊಡೆದು ಕಿರಿದಾಗುತ್ತವೆ. ಗೂಬೆಯಲ್ಲಿ ಬಣ್ಣ ತುಂಬಿದಾಗ ತಲೆಬುರುಡೆಯ ಬುಡದ ಬಳಿ, ದವಡೆ ಮೂಳೆಯ ಕೆಳಗೆ, ನಾಳಗಳು ಕಿರಿದಾಗುವ ಬದಲು ಉಬ್ಬಿ ಅಗಲವಾದವು. ತಿರುಗುವಾಗ ಕತ್ತಿನ ಕೆಳಗಡೆ ಹರಿವು ಕ್ಷಣಕಾಲ ತಡೆದರೂ ಮಿದುಳಿಗೂ ಆ ದೊಡ್ಡ ಕಣ್ಣುಗಳಿಗೂ ರಕ್ತ ಕೊಡಲು ಅಲ್ಲೊಂದು ಸಣ್ಣ ತೊಟ್ಟಿ ಇದೆ ಎಂದು ಅವರು ಇದನ್ನು ಅರ್ಥಮಾಡಿಕೊಂಡರು. ಇದರ ಜೊತೆಗೆ ಮುಂದಿನ ಅಪಧಮನಿಗಳಿಗೂ ಮೂಳೆಯೊಳಗಿನ ಅಪಧಮನಿಗಳಿಗೂ ನಡುವೆ ಸಣ್ಣ ಸೇತುವೆ ನಾಳಗಳಿವೆ, ಒಂದು ದಾರಿ ಮುಚ್ಚಿದರೆ ರಕ್ತ ಇನ್ನೊಂದರಿಂದ ಬಂದು ಸೇರುತ್ತದೆ. ಬಣ್ಣ ತುಂಬಿದ್ದು ಸತ್ತ ಹಕ್ಕಿಗಳಿಗೆ ಎಂಬುದನ್ನು ಇಲ್ಲಿ ಮರೆಯಬಾರದು. ರಂಧ್ರದ ಅಳತೆಯೂ ನಾಳ ಹಾಯುವ ದಾರಿಯೂ ಕಣ್ಣಾರೆ ಕಂಡ ಸತ್ಯಗಳು. ತೊಟ್ಟಿಯ ಮಾತು ಆ ರಚನೆಯಿಂದ ತಜ್ಞರು ಮಾಡಿದ ತೀರ್ಮಾನ, ನನಗಂತೂ ಅದು ಸಮಂಜಸವೆನಿಸುತ್ತದೆ.

ಇನ್ನು ಲಾಭದ ಮಾತು. ಎರಡೂ ಕಡೆಗೆ 180 ಡಿಗ್ರಿ ತಿರುಗಿದರೂ ಸುತ್ತಲಿನದೆಲ್ಲ ಕಾಣುತ್ತದೆಯಲ್ಲ, ಮೇಲಿನ 90 ಯಾಕೆ ಎಂದು ಯಾರಾದರೂ ಕೇಳಬಹುದು. ಇಲಿಯೊಂದು ಗೂಬೆಯ ಬೆನ್ನ ಹಿಂದೆ ಬಲದಿಂದ ಎಡಕ್ಕೆ ನಡೆದುಹೋಗುತ್ತಿದೆ ಎಂದಿಟ್ಟುಕೊಳ್ಳಿ. ಕತ್ತಿನ ಮಿತಿ ನಿಖರವಾಗಿ 180 ಆಗಿದ್ದರೆ ಇಲಿ ಬೆನ್ನಿನ ನಡುಗೆರೆ ದಾಟಿದ ಕೂಡಲೇ ಗೂಬೆ ಅದರಿಂದ ಮುಖ ತಿರುಗಿಸಿ, ಮುಂದಿನಿಂದ ಸುತ್ತಿ, ಇನ್ನೊಂದು ಪಕ್ಕದಿಂದ ಮತ್ತೆ ಹಿಂದಕ್ಕೆ ಬರಬೇಕಾಗುತ್ತಿತ್ತು. ಅಷ್ಟರಲ್ಲಿ ಇಲಿ ಬಿಲ ಸೇರಿರುತ್ತದೆ. 270ರ ಮಿತಿಯಿಂದ ಬೆನ್ನ ಹಿಂದಿನ ಅರ್ಧವೃತ್ತವೆಲ್ಲ ಬಲದಿಂದಲೂ ಎಡದಿಂದಲೂ ತಲುಪಬಹುದಾದ ಜಾಗವಾಗುತ್ತದೆ, ಬೇಟೆಯನ್ನು ಭುಜದಿಂದ ಭುಜದವರೆಗೆ ಕಣ್ಣು ಕೀಳದೆ ಹಿಂಬಾಲಿಸಬಹುದು. ಇಷ್ಟೆಲ್ಲ ನಡೆಯುವಾಗಲೂ ಕಾಲುಗಳು ರೆಂಬೆಯನ್ನು ಹಿಡಿದ ಜಾಗದಲ್ಲೇ ಇರುತ್ತವೆ. ಮೈ ತಿರುಗಿಸಿದರೆ ಉಗುರು ತೊಗಟೆಯನ್ನು ಕೆರೆಯುತ್ತದೆ, ಎಲೆ ಅಲುಗುತ್ತದೆ, ಇಲಿಯಂಥ ಪ್ರಾಣಿಗೆ ಅಷ್ಟು ಸದ್ದು ಸಾಕು.

ಆದರೆ ಹೆಚ್ಚಿನ ಲಾಭ ಕಿವಿಯದು ಎಂಬುದೇ ನನ್ನ ನಂಬಿಕೆ. ಕಣಜ ಗೂಬೆಯ ಹೃದಯಾಕಾರದ ಮುಖ ಸದ್ದನ್ನು ಸಂಗ್ರಹಿಸುವ ಒಂದು ತಟ್ಟೆ. ಆ ಗರಿಗಳ ಅಂಚಿನಲ್ಲಿ ಅಡಗಿರುವ ಕಿವಿಗಳು ಸಮನಾದ ಎತ್ತರದಲ್ಲಿಲ್ಲ. ಎಡಗಿವಿ ಕೆಳಗಿನ ಸದ್ದಿಗೆ ಹೆಚ್ಚು ಚುರುಕು, ಬಲಗಿವಿ ಮೇಲಿನ ಸದ್ದಿಗೆ. ಎರಡು ಕಿವಿಗಳನ್ನು ಸದ್ದು ತಲುಪುವ ಹೊತ್ತಿನ ವ್ಯತ್ಯಾಸದಿಂದ ಎಡಬಲವೂ, ಜೋರಿನ ವ್ಯತ್ಯಾಸದಿಂದ ಮೇಲುಕೆಳಗೂ ಅದಕ್ಕೆ ಗೊತ್ತಾಗುತ್ತದೆ. ಕಣಜ ಗೂಬೆ ಬರೀ ಕಿವಿಯಿಂದ ಬೇಟೆಯಾಡಬಲ್ಲದೆಂದು ಅಮೆರಿಕದ ಜೀವವಿಜ್ಞಾನಿ ರೋಜರ್ ಪೇನ್ ಕಗ್ಗತ್ತಲ ಕೋಣೆಯಲ್ಲಿ ತೋರಿಸಿದರು. ನೆಲಕ್ಕೆ ಹಾಸಿದ ಒಣ ಎಲೆಗಳ ನಡುವೆ ಇಲಿಯಷ್ಟು ದೊಡ್ಡದಾದ ಕಾಗದದ ಉಂಡೆಯನ್ನು ಎಳೆದರೆ ಗೂಬೆ ಅದರ ಮೇಲೂ ಎರಗಿತು, ಅಂದರೆ ವಾಸನೆಯೋ ಮೈಬಿಸಿಯೋ ಕಾರಣವಾಗಿರಲಿಲ್ಲ. ಮುಂದೆ 1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎರಿಕ್ ನುಡ್ಸೆನ್ ಮತ್ತು ಮಸಕಾಜು ಕೊನಿಶಿ, ಸದ್ದು ಬಂದಾಗ ಗೂಬೆ ತಲೆಯನ್ನು ಎಷ್ಟು ನಿಖರವಾಗಿ ತಿರುಗಿಸುತ್ತದೆ ಎಂಬುದನ್ನು ಅಳೆದರು. ಸದ್ದು ಮುಖದ ನೇರಕ್ಕಿರುವಾಗ ತಪ್ಪು ಎರಡು ಡಿಗ್ರಿಯೊಳಗೆ. ಸದ್ದು ಪಕ್ಕಕ್ಕೆ ಸರಿದಷ್ಟೂ ತಪ್ಪು ಹೆಚ್ಚುತ್ತ ಹೋಯಿತು.

ಕತ್ತಿಗೆ ಕೆಲಸ ಬರುವುದು ಇಲ್ಲೇ. ಗೋದಾಮಿನ ತೊಲೆಯ ಮೇಲೆ ಕೂತ ಕಣಜ ಗೂಬೆಗೆ ಆರು ಮೀಟರ್ ದೂರದಲ್ಲಿ, ಎಡ ಭುಜದ ಹಿಂದಿನಿಂದ ಚೀಲ ಕೆರೆದ ಸದ್ದು ಕೇಳಿತು ಎಂದು ಭಾವಿಸೋಣ. ಆ ದೂರದಲ್ಲಿ ಒಂದು ಡಿಗ್ರಿಯ ತಪ್ಪು ನೆಲದ ಮೇಲೆ ಸುಮಾರು 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಸುಂಡಿಲಿಯ ಉದ್ದ. ಮೊದಲ ಅಂದಾಜಿನಲ್ಲಿ ಹತ್ತು ಡಿಗ್ರಿ ತಪ್ಪಿದರೂ ಒಂದು ಮೀಟರ್ ದೂರ ತಪ್ಪಿದಂತೆ, ಎರಗಿದರೆ ಬರಿಗಾಲು. ಆದ್ದರಿಂದ ಅದು ಎರಗುವುದಿಲ್ಲ. ಮೈಯನ್ನು ಹಾಗೇ ಇಟ್ಟು ಮುಖವನ್ನು ಸದ್ದಿನತ್ತ ಥಟ್ಟನೆ ಹೊರಳಿಸುತ್ತದೆ, ಮತ್ತೆ ಸದ್ದಾಗುವವರೆಗೆ ಕಾಯುತ್ತದೆ. ಎರಡನೆಯ ಸಲ ಕೆರೆದಾಗ ಸದ್ದು ಮುಖದ ಎದುರಿಗೇ ಇದೆ, ತಪ್ಪು ಎರಡು ಡಿಗ್ರಿಗೆ, ಅಂದರೆ 20 ಸೆಂಟಿಮೀಟರಿಗೆ ಇಳಿಯಿತು. ಆಮೇಲೆ ಮೈ ತಿರುಗುತ್ತದೆ, ಹಕ್ಕಿ ತೊಲೆ ಬಿಡುತ್ತದೆ. ಹಾರುತ್ತಲೇ ಮುಖವನ್ನು ಸದ್ದಿಗೆ ನೆಟ್ಟಿರುತ್ತದೆ, ಮೂರು ಮೀಟರಿಗೆ ಬಂದಾಗ ಅದೇ ಎರಡು ಡಿಗ್ರಿ 10 ಸೆಂಟಿಮೀಟರ್ ಆಗಿರುತ್ತದೆ. ಕೊನೆಯ ಗಳಿಗೆಯಲ್ಲಿ ತಲೆಯನ್ನು ಹಿಂದಕ್ಕೆಳೆದು, ಮುಖ ಯಾವ ಗೆರೆಯ ಮೇಲಿತ್ತೋ ಆ ಗೆರೆಯ ಮೇಲೆ ಉಗುರು ಬಿಚ್ಚಿದ ಕಾಲುಗಳನ್ನು ಚಾಚುತ್ತದೆ. ಕಣ್ಣು, ಕಿವಿ ಎರಡೂ ಮುಖಕ್ಕೆ ಬಿಗಿದುಕೊಂಡಿರುವುದರಿಂದ ಒಂದೇ ತಿರುವಿನಲ್ಲಿ ಎರಡೂ ಗುರಿಗೆ ಬರುತ್ತವೆ. ಇಲಿ ಎರಡನೆಯ ಸಲ ಸದ್ದು ಮಾಡದಿದ್ದರೆ, ಕತ್ತಲು ಪೂರ್ತಿಯಾಗಿದ್ದರೆ, ಈ ಉಪಾಯ ಫಲಿಸುವುದಿಲ್ಲ.

ನಿಮ್ಮ ಮನೆಯೆದುರಿನ ಹಾಲಕ್ಕಿಯ ವಿಷಯ ಸ್ವಲ್ಪ ಬೇರೆ. ಅದರ ಕಿವಿಗಳು ಹೆಚ್ಚುಕಡಿಮೆ ಸಮನಾಗಿವೆ, ಅದು ಮುಸ್ಸಂಜೆಯಲ್ಲಿ, ಕೆಲವೊಮ್ಮೆ ಹಗಲಿನಲ್ಲೂ ಓಡಾಡುವ, ಕಣ್ಣನ್ನೇ ಹೆಚ್ಚು ನಂಬಿದ ಹಕ್ಕಿ. ಕತ್ತು ಅದಕ್ಕೆ ಕಾವಲುಗಾರ. ಹಗಲು ಪೊಟರೆಯ ಬಾಯಿಗೆ ಬಂದು ಕೂತರೆ ಮೈನಾ, ಪಿಕಳಾರ, ಕಾಜಾಣಗಳು ಹಿಂದಿನಿಂದ ಬಂದು ಕುಕ್ಕುತ್ತವೆ, ಹದ್ದುಗಿಡುಗಗಳ ಭಯವೂ ಇದೆ. ನಿಮ್ಮನ್ನು ಕಂಡಾಗ ಅದು ತಲೆಯನ್ನು ಮೇಲೆ ಕೆಳಗೆ, ಅತ್ತ ಇತ್ತ ಕುಣಿಸುವುದನ್ನೂ ನೋಡಿರುತ್ತೀರಿ. ಅದು ನಮಸ್ಕಾರವೂ ಅಲ್ಲ, ಅಣಕವೂ ಅಲ್ಲ. ತಲೆ ಸರಿದಾಗ ಹತ್ತಿರದ ವಸ್ತು ಹೆಚ್ಚು ಸರಿದಂತೆಯೂ ದೂರದ್ದು ಕಡಿಮೆ ಸರಿದಂತೆಯೂ ಕಾಣುತ್ತದೆ, ಅದರಿಂದ ನೀವು ಎಷ್ಟು ದೂರದಲ್ಲಿದ್ದೀರಿ ಎಂದು ಅದು ಅಳೆಯುತ್ತಿರುತ್ತದೆ.

ಕೊನೆಯದಾಗಿ ರಸ್ತೆಬದಿಯ ಆ ಕಣಜ ಗೂಬೆ. ಅದು ಅಭ್ಯಾಸವಲ್ಲ, ಬಹುತೇಕ ಗಾಯ. ಆರೋಗ್ಯವಂತ ಗೂಬೆ ತಲೆಯನ್ನು ಎಷ್ಟು ತಿರುಗಿಸಿದರೂ ಯಾವುದನ್ನೋ ನೋಡಲು ತಿರುಗಿಸಿರುತ್ತದೆ, ನೀವು ಜಾಗ ಬದಲಿಸಿದರೆ ಮುಖವೂ ಬದಲಾಗುತ್ತದೆ, ಎರಡೂ ದಿಕ್ಕಿಗೆ ಸಮನಾಗಿ ತಿರುಗುತ್ತದೆ, ಬೇಡವಾದಾಗ ನೇರಕ್ಕೆ ಬರುತ್ತದೆ. ವಾಹನಕ್ಕೋ ತಂತಿಗೋ ಬಡಿದು ತಲೆಗೆ ಪೆಟ್ಟಾದ ಹಕ್ಕಿಯಲ್ಲಿ ತಲೆ ಸದಾ ಒಂದೇ ಪಕ್ಕಕ್ಕೆ ಓರೆಯಾಗಿ ನಿಂತಿರುತ್ತದೆ. ಕೆಲವೊಮ್ಮೆ ನೆತ್ತಿ ಕೆಳಗಾಗುವಷ್ಟು ಮಗುಚಿರುತ್ತದೆ. ನೀವು ಎಲ್ಲಿ ನಿಂತರೂ ಅದು ಬದಲಾಗುವುದಿಲ್ಲ. ಹಕ್ಕಿ ಒಂದೇ ಕಡೆಗೆ ವಾಲುತ್ತದೆ, ಸುತ್ತುತ್ತದೆ, ಎರಡು ಪಾಪೆಗಳ ಗಾತ್ರ ಬೇರೆಬೇರೆ ಇರಬಹುದು, ಒಂದು ಕಣ್ಣಿನಲ್ಲಿ ರಕ್ತ ಕಾಣಬಹುದು. ಒಳಗಿವಿಯ ಸೋಂಕಿನಿಂದಲೂ ಹೀಗೆ ಆಗುವುದುಂಟು, ಯಾವುದೆಂದು ಪಶುವೈದ್ಯರೇ ಹೇಳಬೇಕು.

ಅಂಥ ಹಕ್ಕಿ ಮತ್ತೆ ಸಿಕ್ಕರೆ ಕತ್ತನ್ನು ನೇರಮಾಡಲು ಕೈ ಹಚ್ಚಬೇಡಿ, ಬಾಯಿಗೆ ನೀರು ಹನಿಸಬೇಡಿ, ಏಕೆಂದರೆ ನುಂಗಲಾರದ ಹಕ್ಕಿಯ ಶ್ವಾಸನಾಳಕ್ಕೆ ನೀರು ಹೋಗುತ್ತದೆ. ದಪ್ಪ ಬಟ್ಟೆಯನ್ನು ಮೇಲಿನಿಂದ ಹೊದಿಸಿ, ಕಾಲುಗಳ ಉಗುರಿನ ಬಗ್ಗೆ ಎಚ್ಚರವಹಿಸಿ ಎತ್ತಿ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಟವೆಲ್ ಹಾಸಿ, ಕತ್ತಲಾಗಿಯೂ ಸದ್ದಿಲ್ಲದೆಯೂ ಇರುವ ಕಡೆ ಇಡಿ. ಓರೆಯಾದ ತಲೆ ಗೋಡೆಗೆ ಬಡಿಯದಂತೆ ಟವೆಲನ್ನು ಉಂಗುರವಾಗಿ ಸುತ್ತಿ ಅದರೊಳಗೆ ಕೂರಿಸಿದರೆ ಒಳ್ಳೆಯದು. ಅದೇ ದಿನ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ತಿಳಿಸಿ. ಮಿದುಳಿನ ಊತ ಇಳಿದಂತೆ ಕೆಲವು ಹಕ್ಕಿಗಳ ತಲೆ ದಿನಗಳಲ್ಲಿ ಅಥವಾ ವಾರಗಳಲ್ಲಿ ನೇರಕ್ಕೆ ಬರುತ್ತದೆ. ನೇರಕ್ಕೆ ಬಂದರಷ್ಟೇ ಸಾಲದು. ಬಿಡುವ ಮುನ್ನ ಅದು ಎಡಕ್ಕೂ ಬಲಕ್ಕೂ ಬೆನ್ನಿನವರೆಗೆ ಸಲೀಸಾಗಿ ತಿರುಗುತ್ತದೆಯೇ, ಹಿಂದಿನಿಂದ ಎಲೆ ಸರಸರ ಎಂದರೆ ಮುಖ ಅತ್ತ ಹೊರಳಿ ಅಲ್ಲೇ ನಿಲ್ಲುತ್ತದೆಯೇ ಎಂದು ನೋಡುತ್ತೇವೆ. ಒಂದು ಕಡೆಗೆ ಮಾತ್ರ ತಿರುಗುವ ಗೂಬೆಯನ್ನು ಹಾರಲು ಬಂದರೂ ನಾವು ಬಿಡುವುದಿಲ್ಲ.